ಕಾರಿನ ಕಂತು 12,600. ಹಾಗಾದ್ರೆ ತಿಂಗಳ ಖರ್ಚು ನಿಜಕ್ಕೂ ಎಷ್ಟು?

ಬಳ್ಳಾರಿಯ ಓದುಗರೊಬ್ಬರ ಪ್ರಶ್ನೆ: "ತೋರಣಗಲ್ಲಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮನೆಮಂದಿಗೆ ಅಂತ ಪೆಟ್ರೋಲ್ ಕಾರು ತಗೊಳ್ಳೋಣ ಅನ್ನಿಸಿದೆ. ಆನ್‌ರೋಡ್ 8 ಲಕ್ಷ. ಕೈಯಿಂದ 2 ಲಕ್ಷ ಹಾಕಿ, ಉಳಿದ 6 ಲಕ್ಷಕ್ಕೆ ಸಾಲ ಮಾಡಿದರೆ ಕಂತು 12,600 ಬರುತ್ತದಂತೆ. ಪೆಟ್ರೋಲಿಗೆ 3-4 ಸಾವಿರ ಸೇರಿಸಿ ತಿಂಗಳಿಗೆ 16 ಸಾವಿರ ಅಂದುಕೊಂಡರೆ ಸಾಕಾ?"

ಸಾಕಾಗಲ್ಲ. ನಿಮ್ಮ ಲೆಕ್ಕದಲ್ಲಿ ಕೈಯಿಂದ ಹೋಗುವ ದುಡ್ಡು 21 ಸಾವಿರ ದಾಟುತ್ತದೆ. ಆದರೆ ಅದೂ ಕಾರಿನ ನಿಜವಾದ ಖರ್ಚಲ್ಲ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಸಂಬಳದಲ್ಲಿ ತಿಂಗಳು ತಿಂಗಳು ಎಷ್ಟು ಹೋಗುತ್ತದೆ ಅನ್ನೋದು ಒಂದು. ಕಾರು ಇಟ್ಟುಕೊಂಡಿದ್ದಕ್ಕೆ ನಾವು ನಿಜವಾಗಿ ಕಳೆದುಕೊಂಡಿದ್ದೆಷ್ಟು ಅನ್ನೋದು ಇನ್ನೊಂದು. ಎರಡನ್ನೂ ಕಲಸಿಬಿಟ್ಟರೆ ಉತ್ತರ ತಪ್ಪುತ್ತದೆ.

ಮೊದಲು ಸಂಬಳದ ಲೆಕ್ಕ. ನೀವು ಹೇಳಿದ ಕಂತು ಶೇ. 9.5 ಬಡ್ಡಿಗೆ, 5 ವರ್ಷದ ಅವಧಿಗೆ ಸರಿಯಾಗಿದೆ. ಇನ್ನು ಪೆಟ್ರೋಲ್. ಶೋರೂಮಿನವರು ಲೀಟರಿಗೆ 20-22 ಕಿ.ಮೀ. ಅನ್ನುತ್ತಾರೆ. ಅದು ಪರೀಕ್ಷೆಯಲ್ಲಿ ಬಂದ ಅಂಕಿ. ಬಳ್ಳಾರಿಯ ಬಿಸಿಲಲ್ಲಿ ಎಸಿ ಹಾಕದೆ ಓಡಿಸೋ ಹಾಗಿಲ್ಲ. ಜೊತೆಗೆ ರಾಯಲ್ ಸರ್ಕಲ್ಲಿನ ಸಿಗ್ನಲ್, ಊರೊಳಗಿನ ಸಣ್ಣ ಸಣ್ಣ ಓಡಾಟ. 15 ಕಿ.ಮೀ. ಅಂತ ಇಟ್ಟುಕೊಂಡರೆ ಮೋಸವಿಲ್ಲ. ಊರೊಳಗಿನ ಓಡಾಟ, ವಾರದ ಕೊನೆಗೆ ಹೊಸಪೇಟೆಯೋ ಸಿರುಗುಪ್ಪವೋ ಅಂದರೆ ವರ್ಷಕ್ಕೆ 10,000 ಕಿ.ಮೀ. ಆಗುತ್ತದೆ, ಅಂದರೆ ತಿಂಗಳಿಗೆ ಸುಮಾರು 830. ಅದಕ್ಕೆ 55 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೆ 5,700.

ಕಾರು ಇರುವ ಸ್ನೇಹಿತರನ್ನು ಮೈಲೇಜ್ ಕೇಳುವಾಗ ಒಂದು ಎಚ್ಚರಿಕೆ. ಬಹಳ ಮಂದಿ ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಹೇಳುತ್ತಾರೆ. ಅದು ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಸರಿಯಾದ ದಾರಿ ಎಂದರೆ ಟ್ಯಾಂಕ್ ಫುಲ್ ಮಾಡಿಸಿ, ಪಂಪಿನ ನಳಿಕೆ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ, ಮೀಟರ್ ಬರೆದಿಟ್ಟುಕೊಳ್ಳೋದು. 300-400 ಕಿ.ಮೀ. ಓಡಿಸಿದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿದರೆ ನಿಜವಾದ ಮೈಲೇಜ್ ಸಿಗುತ್ತದೆ.

ಇನ್ಶೂರೆನ್ಸ್ ಮೊದಲ ವರ್ಷ ಕಣ್ಣಿಗೆ ಬೀಳೋದೇ ಇಲ್ಲ. ಅದು ಆನ್‌ರೋಡ್ ಬೆಲೆಯಲ್ಲೇ ಸೇರಿರುತ್ತದೆ. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು 3 ವರ್ಷಕ್ಕೆ ಒಟ್ಟಿಗೇ ಮಾಡಿಸಬೇಕೆಂಬ ನಿಯಮ 2018ರಿಂದ ಇದೆ. ಹಾಗಾಗಿ ಎರಡು, ಮೂರನೇ ವರ್ಷ ನಮ್ಮ ಕಾರಿನ ಹಾನಿಯ ಭಾಗಕ್ಕೆ ಮಾತ್ರ ಕಟ್ಟಿದರೆ ಸಾಕು. ನಾಲ್ಕನೇ ವರ್ಷ ಥರ್ಡ್ ಪಾರ್ಟಿಯೂ ಮತ್ತೆ ಸೇರಿ ಬಿಲ್ ಏರುತ್ತದೆ. ಆಗ "ಕಾರು ಹಳೆಯದಾಯ್ತು, ವಿಮೆ ಯಾಕೆ ಜಾಸ್ತಿ?" ಅಂತ ಗಾಬರಿಯಾಗಬೇಡಿ. ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್ ಶೇ. 20ರಿಂದ ಶುರುವಾಗಿ ವರ್ಷ ವರ್ಷ ಏರುತ್ತದೆ. ಅದಕ್ಕೇ ಬಂಪರಿನ ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡೋದು ನಷ್ಟದ ವ್ಯವಹಾರ. ಐದು ವರ್ಷದೊಳಗಿನ ನಾಲ್ಕು ನವೀಕರಣಕ್ಕೆ ಒಟ್ಟು 48,000 ಹಿಡಿದರೆ ತಿಂಗಳಿಗೆ 800.

ಸರ್ವಿಸ್ ವಿಷಯದಲ್ಲಿ "ಮೂರು ಫ್ರೀ" ಅನ್ನೋ ಮಾತು ದಾರಿ ತಪ್ಪಿಸುತ್ತದೆ. ಫ್ರೀ ಇರೋದು ಕೂಲಿ ಮಾತ್ರ. ಆಯಿಲ್, ಫಿಲ್ಟರ್‌ಗಳಿಗೆ ನಾವೇ ಕೊಡಬೇಕು. ನಮ್ಮ ಕಡೆ ಧೂಳು ಬೇರೆ. ಅದಿರು ಲಾರಿಗಳ ಹಿಂದೆ ಸಂಡೂರಿನ ದಾರಿಯಲ್ಲಿ ನಾಲ್ಕು ಸಲ ಹೋಗಿಬಂದ ಕಾರಿನ ಏರ್ ಫಿಲ್ಟರ್ ತೆಗೆದು ನೋಡಿ, ಮಡಿಕೆ ಮಡಿಕೆಯಲ್ಲೂ ಕೆಂಪು ಪುಡಿ ಕೂತಿರುತ್ತದೆ. ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ಬದಲಿಸಬೇಕಾಗುತ್ತದೆ. ಬಿಸಿಲಿಗೆ ಬ್ಯಾಟರಿಯೂ ಬೇಗ ಸೋಲುತ್ತದೆ. ಐದು ವರ್ಷಕ್ಕೆ ಸರ್ವಿಸಿಗೆ 35,000, ಒಂದು ಸೆಟ್ ಟೈರಿಗೆ 20,000, ಒಂದು ಬ್ಯಾಟರಿಗೆ 5,000 ಅಂದರೂ 60,000 ಆಯಿತು. ತಿಂಗಳಿಗೆ 1,000.

ಪಾರ್ಕಿಂಗ್ ನಿಮ್ಮ ಮನೆ ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತದೆ. ಮನೆಯಲ್ಲೇ ಜಾಗ ಇದ್ದರೆ ಸೊನ್ನೆ. ಕೌಲ್ ಬಜಾರಿನಂಥ ಇಕ್ಕಟ್ಟಿನ ಓಣಿಯಲ್ಲಿ ಬಾಡಿಗೆಗಿದ್ದರೆ ಪಕ್ಕದ ಖಾಲಿ ಸೈಟಿನ ಶೆಡ್ಡಿಗೆ ತಿಂಗಳಿಗೆ 1,000 ಇಟ್ಟುಕೊಳ್ಳಿ. ಟೋಲ್, ವಾಷ್, ಪಂಕ್ಚರ್, ಹೊಗೆ ಸರ್ಟಿಫಿಕೇಟ್ ಎಲ್ಲ ಸೇರಿ ಇನ್ನೊಂದು 500.

ಈಗ ಕೂಡಿಸಿ: 12,600 + 5,700 + 800 + 1,000 + 1,000 + 500. ಒಟ್ಟು 21,600. ಸಂಬಳದಿಂದ ಹೋಗೋದು ಇಷ್ಟು. ವಿಮೆ, ಟೈರಿನ ದುಡ್ಡು ತಿಂಗಳು ತಿಂಗಳು ಕೇಳಲ್ಲ ನಿಜ, ಆದರೆ ಎತ್ತಿಡದಿದ್ದರೆ ಒಂದೇ ಸಲ ಬಂದು ಕೂರುತ್ತದೆ.

ಇನ್ನು ಎರಡನೇ ಲೆಕ್ಕ. ಇಲ್ಲಿ ಕಂತನ್ನು ಪೂರ್ತಿ ಖರ್ಚು ಅನ್ನೋ ಹಾಗಿಲ್ಲ, ಯಾಕಂದರೆ ಅದರಲ್ಲಿ ಅಸಲು ಕಾರಿನ ಬೆಲೆಗೆ ಹೋಗುತ್ತದೆ ಮತ್ತು ಮಾರುವಾಗ ಅದರ ಒಂದು ಪಾಲು ವಾಪಸ್ ಬರುತ್ತದೆ. ಹಾಗಂತ ನೀವು ಮೊದಲೇ ಕೊಟ್ಟ 2 ಲಕ್ಷವನ್ನು ಮರೆಯೋ ಹಾಗೂ ಇಲ್ಲ. ಆದ್ದರಿಂದ ಕಂತನ್ನು ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ ಬೆಲೆ ಇಳಿಕೆ ಮತ್ತು ಬಡ್ಡಿಯನ್ನು ಹಾಕಿ. ಕಂತನ್ನೂ ಹಾಕಿ ಬೆಲೆ ಇಳಿಕೆಯನ್ನೂ ಹಾಕಿದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದಂತೆ.

8 ಲಕ್ಷದ ಕಾರು ಐದು ವರ್ಷಕ್ಕೆ ಮೂರೂವರೆ ಲಕ್ಷಕ್ಕೆ ಹೋಯಿತು ಅನ್ನಿ. ಇಳಿದಿದ್ದು ನಾಲ್ಕೂವರೆ ಲಕ್ಷ, ತಿಂಗಳಿಗೆ 7,500. ಇಷ್ಟೊಂದು ಇಳಿಯೋದಕ್ಕೆ ಒಂದು ಕಾರಣ ರಸ್ತೆ ತೆರಿಗೆ. 5ರಿಂದ 10 ಲಕ್ಷದೊಳಗಿನ ಕಾರಿಗೆ ಕರ್ನಾಟಕದಲ್ಲಿ ಅದು ಶೇ. 14, ಮೇಲೆ ಸೆಸ್. ಹಳೆ ಕಾರು ಕೊಳ್ಳುವವರು ನಿಮ್ಮ ಆನ್‌ರೋಡ್ ಬೆಲೆಯನ್ನು ಕೇಳೋದೇ ಇಲ್ಲ. ಸಾಲದ ಬಡ್ಡಿ ಒಟ್ಟು 1.56 ಲಕ್ಷ, ತಿಂಗಳಿಗೆ 2,600. ಆ 2 ಲಕ್ಷ ಬ್ಯಾಂಕಿನಲ್ಲಿ ಎಫ್‌ಡಿ ಇದ್ದಿದ್ದರೆ ತಿಂಗಳಿಗೆ ಸುಮಾರು 1,100 ಬಡ್ಡಿ ಬರುತ್ತಿತ್ತು, ಅದೂ ಹೋಯಿತು. ಇದಕ್ಕೆ ಪೆಟ್ರೋಲ್, ವಿಮೆ, ಸರ್ವಿಸ್, ಪಾರ್ಕಿಂಗ್, ಚಿಲ್ಲರೆಯ 9,000 ಸೇರಿಸಿದರೆ 20,200. ಕಾರಿನ ನಿಜವಾದ ತಿಂಗಳ ಖರ್ಚು ಇದು.

"ಕಂತು ಭಾರ ಆದರೆ 7 ವರ್ಷಕ್ಕೆ ಮಾಡಿಕೊಡ್ತೀವಿ" ಅಂತ ಶೋರೂಮಿನಲ್ಲಿ ಹೇಳಬಹುದು. ಕಂತು 9,800ಕ್ಕೆ ಇಳಿಯುತ್ತದೆ, ನಿಜ. ಆದರೆ ಬಡ್ಡಿ 68,000ದಷ್ಟು ಜಾಸ್ತಿಯಾಗುತ್ತದೆ. ಐದನೇ ವರ್ಷದ ಕೊನೆಗೂ 2.14 ಲಕ್ಷ ಸಾಲ ಉಳಿದಿರುತ್ತದೆ. ಕಾರು ಮೂರೂವರೆ ಲಕ್ಷಕ್ಕೆ ಮಾರಿದರೆ ಕೈಗೆ ಸಿಗೋದು 1.36 ಲಕ್ಷ ಅಷ್ಟೇ. ಈ ದಾರಿ ಬೇಡ ಅನ್ನೋದು ನನ್ನ ಸಲಹೆ. 5 ವರ್ಷದ ಕಂತು ಕಷ್ಟ ಅನ್ನಿಸಿದರೆ ಇನ್ನೂ ಕಡಿಮೆ ಬೆಲೆಯ ಕಾರು ನೋಡಿ.

ಕೊನೆಗೆ, 20,200ನ್ನು 830ರಿಂದ ಭಾಗಿಸಿ. ಕಿಲೋಮೀಟರಿಗೆ 24 ರೂಪಾಯಿ ಬಿತ್ತು. ಬರೀ ಪೆಟ್ರೋಲ್ ನೋಡಿದವರು 7 ರೂಪಾಯಿ ಅಂದುಕೊಂಡಿರುತ್ತಾರೆ. ತಿಂಗಳಿಗೆ 400 ಕಿ.ಮೀ. ಮಾತ್ರ ಓಡಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಉಳಿದದ್ದು ಹೆಚ್ಚುಕಮ್ಮಿ ಹಾಗೇ ನಿಲ್ಲುತ್ತದೆ. ಆಗ ಕಿಲೋಮೀಟರಿಗೆ 43 ರೂಪಾಯಿ ದಾಟುತ್ತದೆ. ಕಂಪನಿ ಬಸ್ ಇರುವ ನಿಮಗೆ ಈ ಅಂಕಿ ಮುಖ್ಯ. ಕಳೆದ ಮೂರು ತಿಂಗಳಲ್ಲಿ ಮನೆಮಂದಿ ಎಲ್ಲೆಲ್ಲಿಗೆ ಹೋದಿರಿ, ಎಷ್ಟು ದೂರ ಅಂತ ಬರೆದು ಕೂಡಿಸಿ. ಆಮೇಲೆ ನಿಮ್ಮ ಬೀದಿಯ ಬಾಡಿಗೆ ಕಾರಿನವರನ್ನು ಡ್ರೈವರ್ ಬತ್ತಾ ಸೇರಿಸಿ ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ಎಂದು ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಶೋರೂಮಿಗೆ ಹೋಗಿ.