ಪಿಡಿಎಫ್ ವರ್ಡ್ ಆದಾಗ ‘ಮಂಡ್ಯ’ ಎಲ್ಲಿ ಹೋಯಿತು?

ಮದ್ದೂರು ಕಡೆಯ ಒಂದು ಹಾಲು ಉತ್ಪಾದಕರ ಸಂಘ ಅಂದುಕೊಳ್ಳಿ. ವಾರ್ಷಿಕ ಮಹಾಸಭೆ ಹತ್ತಿರ ಬಂದಿದೆ. ಕಳೆದ ಸಲದ ನೋಟಿಸ್‌ನಲ್ಲಿ ತಾರೀಕು, ಜಮಾ-ಖರ್ಚು ಬದಲಿಸಿದರೆ ಸಾಕು. ಆದರೆ ಮೂಲ ಫೈಲ್ ಸಿಗುತ್ತಿಲ್ಲ, ವಾಟ್ಸಾಪ್‌ನಲ್ಲಿ ಪಿಡಿಎಫ್ ಮಾತ್ರ ಇದೆ. ಕಾರ್ಯದರ್ಶಿಯವರು ಅದನ್ನೇ ವರ್ಡ್‌ನಲ್ಲಿ ತೆರೆಯುತ್ತಾರೆ. ‘ಮಂಡ್ಯ’ ಇದ್ದ ಕಡೆ ªÀÄAqÀå ಅಂತ ಬಂದಿದೆ. ಒಂದೊಂದು ಸಾಲೂ ಬೇರೆ ಪ್ಯಾರಾ ಆಗಿದೆ. ಜಮಾ-ಖರ್ಚಿನ ಪಟ್ಟಿ ಚೆಲ್ಲಾಪಿಲ್ಲಿ.

ಕಾರಣ ಪಿಡಿಎಫ್‌ನ ಒಳಗೇ ಇದೆ. 1993ರಲ್ಲಿ ಅಡೋಬಿ ಕಂಪನಿ ಇದನ್ನು ಹೊರತಂದಾಗ ಉದ್ದೇಶ ಒಂದೇ: ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಒಂದೇ ಥರ ಕಾಣಬೇಕು. ಅದಕ್ಕೆ ಬೇಕಾದದ್ದು ಅಕ್ಷರ ಎಲ್ಲಿ ಕೂರಬೇಕು ಅನ್ನುವ ಲೆಕ್ಕ. ಸರಳ ಮಾಡಿ ಬರೆದರೆ ಒಳಗಿರುವುದು ಹೀಗೆ:

```
BT
/F1 12 Tf
72 700 Td
(ªÀÄAqÀå) Tj
ET
```

ಎಫ್1 ಅನ್ನುವ ಫಾಂಟನ್ನು 12ರ ಅಳತೆಯಲ್ಲಿ ತೆಗೆದುಕೋ. ಪುಟದ ಎಡ ಅಂಚಿನಿಂದ 72 ಪಾಯಿಂಟ್, ಅಂದರೆ 1 ಇಂಚು ಒಳಗೆ ಬಾ. ಕೆಳ ಅಂಚಿನಿಂದ 700 ಪಾಯಿಂಟ್ ಮೇಲೆ ಹೋಗು. ಅಲ್ಲಿ ಈ ಅಕ್ಷರ ಬಿಡಿಸು. ಅಷ್ಟೇ. ಪ್ಯಾರಾ ಎಲ್ಲಿ ಮುಗಿಯಿತು ಅನ್ನುವುದು ಇದರಲ್ಲಿ ಇಲ್ಲ. ಪಟ್ಟಿಯೂ ಇಲ್ಲ, ನಾಲ್ಕು ಗೆರೆ ಬೇರೆ, ಅಂಕಿ ಬೇರೆ. ಪ್ಯಾರಾ, ಪಟ್ಟಿಗಳ ಗುರುತು ಸೇರಿಸಿದ ಪಿಡಿಎಫ್‌ಗಳೂ ಇವೆ. ಆದರೆ ಪ್ರಿಂಟ್ ಕೊಟ್ಟು ಮಾಡಿದ ಫೈಲಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ವರ್ಡ್, ಸಾಲುಗಳ ನಡುವಿನ ಜಾಗ ನೋಡಿ ಊಹೆ ಮಾಡುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿವೆ. A ಇದ್ದ ಕಡೆ ಸೊನ್ನೆ, qÀ ಇದ್ದ ಕಡೆ ಡ. ಆ ಫಾಂಟ್ ಜೊತೆಗಿರುವ ತನಕ ಕಣ್ಣಿಗೆ ‘ಮಂಡ್ಯ’. ಫಾಂಟ್ ಬದಲಾಯಿತೋ, ಒಳಗಿನದು ಹೊರಗೆ ಬರುತ್ತದೆ. ಕನ್ನಡಕ್ಕೆ ಅದರದೇ ಮನೆಗಳಿರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೂ ಪೂರ್ತಿ ನಿಶ್ಚಿಂತೆ ಇಲ್ಲ. ‘ವಾರ್ಷಿಕ’ದ ಅರ್ಕಾವತ್ತು ಯೂನಿಕೋಡ್‌ನಲ್ಲಿ ಸೇವ್ ಆಗುವುದು ಷಿಗಿಂತ ಮೊದಲು, ಪುಟದಲ್ಲಿ ಬಿಡಿಸುವುದು ಅದರ ನಂತರ. ಬಿಡಿಸಿದ ಕ್ರಮದಲ್ಲೇ ಅಕ್ಷರ ಹೊರಬಂದರೆ ಪದ ಕೆಡುತ್ತದೆ. ಒತ್ತಕ್ಷರಗಳ ಪಾಡೂ ಹಲವು ಸಲ ಇದೇ.

ಅದಕ್ಕೇ ವರ್ಡ್‌ಗೆ ಹೋಗುವ ಮೊದಲು ಪಿಡಿಎಫ್‌ನ ಎರಡು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಕನ್ನಡವೇ ಬಂದರೆ ಯೂನಿಕೋಡ್. ªÀÄAqÀå ಥರ ಬಂದರೆ ಹಳೆಯ ಫಾಂಟ್. ಸಾಲು ಸೆಲೆಕ್ಟ್ ಆಗದೇ ಇದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಒಂದೆರಡು ಪುಟದ ಚಿತ್ರವಾದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ನೋಟಿಸ್ ಎರಡನೆಯ ಥರದ್ದು. ನುಡಿಯಲ್ಲೇ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ. ಆದರೆ ಪುಟ ಪೂರ್ತಿ ಅದಕ್ಕೆ ಕೊಡಬೇಡಿ. ನಿಜವಾದ ಇಂಗ್ಲಿಷ್ ಪದಗಳು, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಥರದವು, ಅದರ ಕಣ್ಣಿಗೆ ಕನ್ನಡದ ತುಂಡುಗಳೇ. ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅವನ್ನು ಬಿಟ್ಟು ಕನ್ನಡದ ಭಾಗ ಮಾತ್ರ ಬದಲಿಸಿ.

ಆಮೇಲೆ ಸಾಲುಗಳು. ವರ್ಡ್‌ನಲ್ಲಿ Ctrl+Shift+8 ಒತ್ತಿದರೆ ಪ್ಯಾರಾ ಮುಗಿದ ಕಡೆಯಲ್ಲೆಲ್ಲ ¶ ಕಾಣುತ್ತದೆ. ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು, ನಿಜವಾಗಿ ಪ್ಯಾರಾ ಮುಗಿಯುವ ಸಾಲಿನ ಕೊನೆಗೆ @@ ಹಾಕುತ್ತಾ ಹೋಗಿ. ಪಟ್ಟಿಯನ್ನು ಬಿಟ್ಟು ಉಳಿದ ಬರಹ ಸೆಲೆಕ್ಟ್ ಮಾಡಿ. Ctrl+H ಒತ್ತಿ, ^p ಅಂದರೆ ಆ ¶ ಗುರುತು ಇದ್ದ ಕಡೆ ಒಂದು ಸ್ಪೇಸ್ ಕೊಡಿ. ಬಳಿಕ @@ ಇದ್ದ ಕಡೆ ^p ಕೊಡಿ. ಕಿರಿದಾದ ಕಾಲಂನಲ್ಲಿ ಸಾಲಿನ ಕೊನೆಗೆ ಪದ ಒಡೆದಿದ್ದರೆ ಅದರ ನಡುವೆ ಈಗ ಸ್ಪೇಸ್ ಕೂತಿರುತ್ತದೆ. ಅದನ್ನು ಓದಿಯೇ ಹಿಡಿಯಬೇಕು. ಇನ್ನು ಅಕ್ಷರ ಒತ್ತಾಗಿ ಕಂಡರೆ Ctrl+Space, ಅಂಚು ವಕ್ರವಾಗಿದ್ದರೆ Ctrl+Q.

ಪಟ್ಟಿ ರಿಪೇರಿಗೆ ಜಾಸ್ತಿ ಹೊತ್ತು ಕೊಡಬೇಡಿ, ಹೊಸ ಪಟ್ಟಿ ಹಾಕಿ ಅಂಕಿ ತುಂಬುವುದೇ ಮೇಲು. ತುಂಬುವಾಗ ಒಂದು ಕಡೆ ಗಮನವಿರಲಿ. ‘ಪಶು ಆಹಾರ ಖರೀದಿ ಮತ್ತು ಸಾಗಣೆ ವೆಚ್ಚ’ ಥರದ ಉದ್ದದ ಹೆಸರು ಮೂಲದಲ್ಲಿ ಎರಡು ಸಾಲಾಗಿ ಇಳಿದಿರುತ್ತದೆ. ವರ್ಡ್ ಎರಡನೇ ಸಾಲನ್ನು ಬೇರೆ ಐಟಂ ಅಂತ ತಿಳಿಯಬಹುದು. ಅಲ್ಲಿಂದ ಕೆಳಗಿನ ಅಂಕಿಗಳು ಒಂದು ಮನೆ ಸರಿದು, ಒಂದು ಐಟಂನ ಖರ್ಚು ಇನ್ನೊಂದರ ಮುಂದೆ ಕೂರುತ್ತದೆ. ಹೀಗೆ ಸರಿದರೂ ಒಟ್ಟು ಮೊತ್ತ ಬದಲಾಗುವುದಿಲ್ಲ. ಆದ್ದರಿಂದ ಮೊತ್ತ ಕೂಡಿ ನೋಡಿದರೆ ಬಿಟ್ಟುಹೋದ ಅಂಕಿ ಸಿಗುತ್ತದೆಯೇ ಹೊರತು ಜಾಗ ತಪ್ಪಿದ ಅಂಕಿ ಸಿಗುವುದಿಲ್ಲ. ಅದಕ್ಕೆ ಹೆಸರು, ಅಂಕಿ ಎರಡನ್ನೂ ಒಬ್ಬರು ಪಿಡಿಎಫ್ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ವರ್ಡ್‌ನಲ್ಲಿ ಗುರುತು ಹಾಕಬೇಕು.