ಆ ಮಂತ್ರದೊಳಗೆ ಬೆಂಕಿ ಎಲ್ಲಿಂದ ಬಂತು?

ಸಿರಸಿಯಿಂದ ಬನವಾಸಿ ಕಡೆಗೆ ಓಡಾಡುವವರಿಗೆ, ಗಂಡನ ಚಿತೆಯೇರಿ ಸತಿ ಹೋದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲು ಹೊಸದೇನಲ್ಲ. ಕಲ್ಲಿನಲ್ಲಿ ಒಂದು ಕಂಬ, ಅದರಿಂದ ಹೊರಟ ಒಂದು ಕೈ, ಮೊಣಕೈ ಮಡಿಸಿ ಮೇಲೆತ್ತಿದ್ದು, ಕೈ ತುಂಬ ಬಳೆ. ಇಂಥ ಕಲ್ಲಿನ ಮುಂದೆ ನಿಂತಾಗಲೆಲ್ಲ ಯಾರಾದರೊಬ್ಬರು ಒಂದು ಮಾತು ಹೇಳಿಯೇ ಹೇಳುತ್ತಾರೆ: "ಸತಿ ಹೋಗುವುದು ವೇದದಲ್ಲೇ ಇದೆಯಂತೆ." ಪಕ್ಕದಲ್ಲಿ ಸ್ವಲ್ಪ ಓದಿಕೊಂಡವರಿದ್ದರೆ ಉತ್ತರವೂ ಸಿದ್ಧ: "ಇರಲಿಲ್ಲ ಮಾರಾಯ, ಯಾರೋ ಪುರೋಹಿತರು ಒಂದಕ್ಷರ ತಿದ್ದಿದರು."

ನನಗೆ ಎರಡೂ ಮಾತಿನ ಮೇಲೆ ಸಿಟ್ಟಿದೆ. ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ನಿಜ, ಅದು ಇನ್ನೂ ಜಾಸ್ತಿ ತೊಂದರೆ. ಈ ಸಲ ವಿಶ್ವವಿದ್ಯಾಲಯದ ಗ್ರಂಥಸಂಪಾದನೆಯ ಸೆಮಿನಾರಿಗೆ ಕರೆದಾಗ ಇದೊಂದೇ ಮಂತ್ರ ತೆಗೆದುಕೊಂಡು ಹೋದೆ. ಎರಡು ಗಂಟೆ ಸಾಲಲಿಲ್ಲ.

ಮಂತ್ರ ಋಗ್ವೇದದ ಹತ್ತನೇ ಮಂಡಲ, 18ನೇ ಸೂಕ್ತದ ಏಳನೆಯದು. ಸತ್ತವರಿಗೆ ಸಂಬಂಧಿಸಿದ ಸೂಕ್ತ.

ಇಮಾ ನಾರೀರವಿಧವಾಃ ಸುಪತ್ನೀರ್
ಆಂಜನೇನ ಸರ್ಪಿಷಾ ಸಂ ವಿಶಂತು |
ಅನಶ್ರವೋಽನಮೀವಾಃ ಸುರತ್ನಾ
ಆ ರೋಹಂತು ಜನಯೋ ಯೋನಿಮಗ್ರೇ ||

ಸರಳವಾಗಿ ಹೇಳಿದರೆ: ವಿಧವೆಯರಲ್ಲದ, ಒಳ್ಳೆಯ ಗಂಡಂದಿರಿರುವ ಈ ಹೆಂಗಸರು ತುಪ್ಪದ ಕಾಡಿಗೆ ಹಚ್ಚಿಕೊಂಡು ಬರಲಿ. ಕಣ್ಣೀರಿಲ್ಲದೆ, ಕಾಯಿಲೆಯಿಲ್ಲದೆ, ಒಡವೆ ತೊಟ್ಟು, ಈ ಹೆಂಡಂದಿರು 'ಯೋನಿ'ಯನ್ನು ಮೊದಲು ಏರಲಿ. ಯೋನಿ ಎಂದರೆ ಇಲ್ಲಿ ಏನು ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಒಂದು ಗಮನಿಸಿ, ಬೆಂಕಿ ಎಲ್ಲೂ ಇಲ್ಲ. ವಿಧವೆಯೂ ಇಲ್ಲ. ಇರುವವರು 'ಅವಿಧವಾಃ'.

ಈಗ 1795ಕ್ಕೆ ಬನ್ನಿ. ಕಲ್ಕತ್ತೆಯಲ್ಲಿ ಹೆನ್ರಿ ಥಾಮಸ್ ಕೋಲ್‌ಬ್ರೂಕ್ ಎಂಬ ಕಂಪನಿ ಅಧಿಕಾರಿ, ಒಳ್ಳೆಯ ಸಂಸ್ಕೃತ ಬಲ್ಲವನು, ಹಿಂದೂ ವಿಧವೆಯ ಕರ್ತವ್ಯಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಅದರಲ್ಲಿ ಈ ಮಂತ್ರದ ಇಂಗ್ಲಿಷ್ ಅನುವಾದವಿದೆ. ಅಲ್ಲಿ ಹೆಂಗಸರು ತಮ್ಮನ್ನು ಬೆಂಕಿಗೆ ಒಪ್ಪಿಸಿಕೊಳ್ಳುತ್ತಾರೆ. ಆಮೇಲೆ "ನೀರೇ ಮೂಲವಾಗಿರುವ ಬೆಂಕಿ"ಯೊಳಗೆ ಹೋಗುತ್ತಾರೆ.

ನೀರು? ನೀರು ಎಲ್ಲಿತ್ತು?

ಇಲ್ಲೇ ಮಜಾ ಇರುವುದು. 'ಅಗ್ರೇ' ಹೋಗಿ 'ಅಗ್ನೇ' ಆಯಿತು ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ನಮ್ಮ ಲಿಪಿಯಲ್ಲಿ ಹೇಳುವುದಾದರೆ ಗಕಾರದ ರ ಒತ್ತು ಹೋಗಿ ನ ಒತ್ತು ಬಂತು, ಅಷ್ಟೇ. ಆದರೆ ಅದೊಂದೇ ಬದಲಾಗಿದ್ದರೆ ನೀರು ಬರುತ್ತಿರಲಿಲ್ಲ. ಹದಿನಾರನೇ ಶತಮಾನದ ಬಂಗಾಳದ ಧರ್ಮಶಾಸ್ತ್ರಕಾರ ರಘುನಂದನ ಸಹಗಮನಕ್ಕೆ ಈ ಮಂತ್ರವನ್ನು ಆಧಾರವಾಗಿ ಕೊಡುತ್ತಾನೆ. ಅವನ ಹೆಸರಿನಲ್ಲಿ ಬಂದ ಪಾಠದಲ್ಲಿ ಕೊನೆಯ ಸಾಲು 'ಆರೋಹಂತು ಜಲಯೋನಿಮಗ್ನೇ' ಎಂದಿದೆ. ಕೋಲ್‌ಬ್ರೂಕನ ನೀರು ಬಂದಿದ್ದು ಇಂಥ ಪಾಠದಿಂದ, ಆ 'ಜಲಯೋನಿ'ಯಿಂದ.

'ಜನಯೋ ಯೋನಿಮ್' ಹೇಗೆ 'ಜಲಯೋನಿಮ್' ಆಗುತ್ತದೆ? ಬಾಯಲ್ಲಿ ಹೇಳಿ ನೋಡಿ. 'ಯೋ ಯೋ' ಅಂತ ಒಂದೇ ಅಕ್ಷರ ಎರಡು ಸಲ ಬರುತ್ತದೆ. ಕೈಯಿಂದ ನಕಲು ಮಾಡುವವನ ಕಣ್ಣು ಮೊದಲನೇ ಯೋದಿಂದ ಎರಡನೇ ಯೋಗೆ ಹಾರುವುದು ಬಹಳ ಸಾಮಾನ್ಯ. ಉಳಿಯುವುದು 'ಜನಯೋನಿಮ್'. ಅದಕ್ಕೆ ಇಲ್ಲಿ ಹೊಂದುವ ಅರ್ಥ ಸಿಗುವುದಿಲ್ಲ. ಮುಂದಿನವನು ನಕಾರಕ್ಕೆ ಲಕಾರ ಹಾಕಿ ಅರ್ಥ ಕೂಡಿಸಿದ. ಹೀಗೇ ಆಗಿರಬೇಕು ಎಂದು ನನ್ನ ಲೆಕ್ಕ. ಅಂದರೆ ಒಬ್ಬ ಖಳನಾಯಕ ಬೇಕಾಗಿಲ್ಲ, ಸುಸ್ತಾದ ಒಬ್ಬ ಮತ್ತು ಸಹಾಯ ಮಾಡಲು ಹೋದ ಇನ್ನೊಬ್ಬ ಸಾಕು. 1856ರಲ್ಲಿ ಮ್ಯಾಕ್ಸ್ ಮುಲ್ಲರ್ ಇದನ್ನು ಪುರೋಹಿತರ ನಾಚಿಕೆಗೆಟ್ಟ ಮೋಸಕ್ಕೆ ಉದಾಹರಣೆ ಎಂದು ಬರೆದ. ನಮ್ಮ 'ಒಂದಕ್ಷರ ತಿದ್ದಿದರು' ಕಥೆಯ ಬೇರು ಅಲ್ಲಿದೆ. ಮೋಸ ಮಾಡುವವನು 'ಅವಿಧವಾಃ' ಎಂಬ ಪದವನ್ನು ಹಾಗೇ ಬಿಡುತ್ತಿದ್ದನಾ ಹೇಳಿ. ಅವನ ಕೆಲಸಕ್ಕೆ ಎಲ್ಲಕ್ಕಿಂತ ಅಡ್ಡಿ ಅದೇ ಅಲ್ವಾ!

ತಪ್ಪನ್ನು ಹಿಡಿಯುವುದು ಹೇಗೆ? ಬೆರಳು ಮಡಿಸಿ ಎಣಿಸಿ. ಈ ಮಂತ್ರದ ಛಂದಸ್ಸು ತ್ರಿಷ್ಟುಪ್, ಪಾದಕ್ಕೆ 11 ಅಕ್ಷರ. ಆ-ರೋ-ಹಂ-ತು-ಜ-ನ-ಯೋ-ಯೋ-ನಿ-ಮ-ಗ್ರೇ, ಹನ್ನೊಂದು. ಆ-ರೋ-ಹಂ-ತು-ಜ-ಲ-ಯೋ-ನಿ-ಮ-ಗ್ನೇ, ಹತ್ತು. ಯಕ್ಷಗಾನದಲ್ಲಿ ಭಾಗವತರು ಒಂದಕ್ಷರ ನುಂಗಿದರೆ ಮದ್ದಲೆಯವರು ತಲೆ ಎತ್ತಿ ನೋಡುತ್ತಾರಲ್ಲ, ಹಾಗೆ.

ಸೆಮಿನಾರಿನಲ್ಲಿ ಒಬ್ಬಳು ಹುಡುಗಿ ಇಲ್ಲೇ ನನ್ನನ್ನು ಹಿಡಿದಳು. "ಸರ್, ಮೂರನೇ ಪಾದವೂ ಹತ್ತೇ ಬರ್ತದೆ." ನಿಜ. 'ಅನಶ್ರವೋಽನಮೀವಾಃ ಸುರತ್ನಾ' ಎಣಿಸಿದರೆ ಹತ್ತು. ಆದರೆ ಅಲ್ಲಿ ಸಂಧಿಯಲ್ಲಿ ಒಂದು ಅಕಾರ ಅಡಗಿದೆ. 'ಅನಶ್ರವೋ ಅನಮೀವಾಃ' ಎಂದು ಬಿಡಿಸಿದರೆ ಹನ್ನೊಂದಾಯಿತು. 'ಜಲಯೋನಿ'ಯಲ್ಲಿ ಹಾಗೆ ಬಿಡಿಸುವ ಗಂಟೇ ಇಲ್ಲ. ಹಾಗಾಗಿ ಎಣಿಕೆ ಒಂದೇ ಸಾಲದು, ಎಲ್ಲಿ ಕಡಿಮೆಯಾಯಿತು ಅಂತಲೂ ನೋಡಬೇಕು. ಇನ್ನೊಂದು ಮಿತಿಯೂ ಇದೆ. ಬರೀ 'ಅಗ್ರೇ'ಯನ್ನು 'ಅಗ್ನೇ' ಮಾಡಿದರೆ ಎಣಿಕೆ ಹನ್ನೊಂದೇ ಉಳಿಯುತ್ತದೆ. ಛಂದಸ್ಸಿಗೆ ಆ ತಪ್ಪು ಕಾಣುವುದೇ ಇಲ್ಲ.

ಅದಕ್ಕೆ ಬೇರೆ ಉಪಾಯ ಬೇಕು. ನನಗೆ ಹುಚ್ಚು ಹಿಡಿಸಿದ್ದು ಇದೇ.

ಗೋಕರ್ಣದಲ್ಲಿ ಬೆಳಿಗ್ಗೆ ವೇದಪಾಠ ನಡೆಯುವ ಮನೆಯ ಜಗಲಿಯಲ್ಲಿ ಕೂತರೆ ಒಂದು ವಿಚಿತ್ರ ಕೇಳುತ್ತದೆ. ಹುಡುಗರು ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಾರೆ. ಜಟಾಪಾಠ ಎಂದರೆ ಎರಡು ಪದವನ್ನು ನೇರ, ತಿರುಗಾ, ಮತ್ತೆ ನೇರ ಹೇಳುವುದು. ನಮ್ಮ ಸಾಲನ್ನು ಹೀಗೆ ಹೇಳಿದರೆ 'ಯೋನಿಮಗ್ರೇ, ಅಗ್ರೇ ಯೋನಿಂ, ಯೋನಿಮಗ್ರೇ' ಆಗುತ್ತದೆ. ಈಗ ಒಬ್ಬ ಹುಡುಗ 'ಬೆಂಕಿಯ ಯೋನಿ' ಎಂದುಕೊಂಡು 'ಅಗ್ನೇಃ' ಎಂದು ಕಲಿತ ಎನ್ನಿ. ನೇರ ಹೇಳುವಾಗ ಕೊನೆಯ ವಿಸರ್ಗ ಉಸಿರಲ್ಲಿ ಮುಚ್ಚಿಹೋಗಬಹುದು. ತಿರುಗಿಸಿದ ಕೂಡಲೇ ಸಂಧಿ ನಿಯಮದಂತೆ 'ಅಗ್ನೇರ್ಯೋನಿಂ' ಎಂದು ಹೇಳಬೇಕಾಗುತ್ತದೆ. ಇಲ್ಲದ ರೇಫ ಒಂದು ಧುತ್ತೆಂದು ಎದ್ದು ನಿಂತಿತು! ಪಕ್ಕದ ಹುಡುಗನೇ ತಿರುಗಿ ನೋಡುತ್ತಾನೆ. ಅಡಿಕೆ ಚೀಲ ಲಾರಿಗೆ ಹಾಕುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಎಣಿಸುತ್ತೇವಲ್ಲ, ಅದರ ಹಾಗೆ. ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿದಾಗ ಹೊಲಿಗೆ ಬಿಟ್ಟ ಜಾಗ ಕಾಣುತ್ತದಲ್ಲ, ಹಾಗೂ ಹೌದು. ಫೋನಿನಲ್ಲಿ ಒಟಿಪಿ ಹೇಳಿ, ಆ ಕಡೆಯವರಿಂದ ತಿರುಗಿ ಹೇಳಿಸಿಕೊಳ್ಳುವ ಹಾಗೂ ಹೌದು. ಘನಪಾಠದಲ್ಲಿ ಇದೇ ಆಟ ಮೂರು ಪದಗಳ ಮೇಲೆ ನಡೆಯುತ್ತದೆ, ಅಲ್ಲಿ ತಪ್ಪಿಗೆ ಅಡಗಲು ಜಾಗ ಇನ್ನೂ ಕಡಿಮೆ.

ಹಾಗಿದ್ದರೂ ತಪ್ಪು ಹೇಗೆ ನುಗ್ಗಿತು? ಬಾಯಿಪಾಠದಲ್ಲಿ ನುಗ್ಗಲಿಲ್ಲ. ಧರ್ಮಶಾಸ್ತ್ರದ ಪುಸ್ತಕದಲ್ಲಿ ಉದಾಹರಣೆಯಾಗಿ ಬರೆದಿಟ್ಟ ಒಂದೇ ಒಂದು ಮಂತ್ರದಲ್ಲಿ ನುಗ್ಗಿತು. ಹಿಂಡಿನಿಂದ ತಪ್ಪಿಸಿಕೊಂಡ ಕರುವಿಗೆ ಕಾವಲು ಇರುವುದಿಲ್ಲ. ಕೋಲ್‌ಬ್ರೂಕ್ ಆ ಕರುವನ್ನು ಕಂಡ, ಹಿಂಡನ್ನು ವಿಚಾರಿಸಲಿಲ್ಲ. 1854ರಲ್ಲಿ ಸಂಸ್ಕೃತ ವಿದ್ವಾಂಸ ಎಚ್.ಎಚ್. ವಿಲ್ಸನ್ ಮೂಲ ಸಂಹಿತೆಯ ಪಕ್ಕದಲ್ಲಿಟ್ಟು ನೋಡಿ, ಇದು ಬೇರೆಯೇ ಎಂದು ತೋರಿಸಿದ.

ಬೇರೆ ಸಾಕ್ಷಿಗಳೂ ಇವೆ. ಇದೇ ಮಂತ್ರ ಅಥರ್ವವೇದದಲ್ಲಿದೆ, ಕೃಷ್ಣಯಜುರ್ವೇದದ ತೈತ್ತಿರೀಯ ಆರಣ್ಯಕದಲ್ಲೂ ಇದೆ. ಅಲ್ಲಿ ಎರಡನೇ ಪಾದದ ಕ್ರಿಯಾಪದ ಬೇರೆ. 'ಸಂ ವಿಶಂತು' ಬದಲು ಒಂದರಲ್ಲಿ 'ಸಂ ಸ್ಪೃಶಂತಾಂ', ಇನ್ನೊಂದರಲ್ಲಿ 'ಸಂ ಮೃಶಂತಾಂ'. ಎರಡಕ್ಕೂ ಮುಟ್ಟುವುದು, ಸವರುವುದು ಎಂಬ ಅರ್ಥ. ಅಂದರೆ ಈ ಮೂರು ಶಾಖೆಗಳು ಒಂದನ್ನೊಂದು ನೋಡಿ ಬರೆದುಕೊಂಡವಲ್ಲ. ಆದರೂ ಮೂರರಲ್ಲೂ ಕೊನೆಯ ಪದ 'ಅಗ್ರೇ'ಯೇ. ಆಶ್ವಲಾಯನ ಗೃಹ್ಯಸೂತ್ರ ಇದನ್ನು ಎಲ್ಲಿ ಹೇಳಬೇಕು ಎಂದೂ ತಿಳಿಸುತ್ತದೆ. ಸಾವಾದ ಮನೆಯ ಶಾಂತಿಕರ್ಮದಲ್ಲಿ ಹೆಂಗಸರು ದರ್ಭೆಯ ಎಳೆ ಚಿಗುರಿನಿಂದ ಬೆಣ್ಣೆಯನ್ನು ಕಣ್ಣಿಗೆ ಹಚ್ಚಿಕೊಳ್ಳುವಾಗ, ಅವರನ್ನು ನೋಡುತ್ತ ಹೇಳಬೇಕು. ಅತ್ತ ಕಣ್ಣಿಗೆ ಬೆಣ್ಣೆ. ಇಷ್ಟೇ ವಿಷಯ!

ಆದರೆ ಪಾಠ ಸರಿಯಾದ ಮಾತ್ರಕ್ಕೆ ಅನುವಾದ ಸರಿಯಾಗುವುದಿಲ್ಲ. ಕೋಲ್‌ಬ್ರೂಕ್ 'ಅವಿಧವಾಃ'ವನ್ನು "ವಿಧವೆಯಾಗಬಾರದ" ಎಂಬ ಅರ್ಥ ಬರುವಂತೆ ತಿರುಗಿಸಿದ. ಒಂದಕ್ಷರವೂ ತಪ್ಪಿಲ್ಲ. ಇಂದಿನ ಸ್ಥಿತಿಯನ್ನು ನಾಳೆಯದು ಮಾಡಿದ, ಅಷ್ಟೇ. ವಿಧವೆಯಲ್ಲದವಳು ವಿಧವೆಯಾಗದಿರಲು ಬೆಂಕಿಗೆ ಹೋಗುವವಳಾದಳು. ನನ್ನನ್ನು ಕೇಳಿದರೆ ಒತ್ತಕ್ಷರಕ್ಕಿಂತ ಇದು ದೊಡ್ಡ ಏಟು, ಏಕೆಂದರೆ ಯಾವ ಜಟಾಪಾಠವೂ ಇದನ್ನು ಹಿಡಿಯಲಾರದು. ಮುಂದಿನ ಮಂತ್ರ ಓದಿದ್ದರೆ ಹಿಡಿಯಬಹುದಿತ್ತು. ಅಲ್ಲಿ ಸತ್ತವನ ಪಕ್ಕ ಮಲಗಿದವಳನ್ನು ಎಬ್ಬಿಸುತ್ತಾರೆ: 'ಉದೀರ್ಷ್ವ ನಾರ್ಯಭಿ ಜೀವಲೋಕಂ'. ಏಳಮ್ಮ, ಬದುಕಿದವರ ಲೋಕಕ್ಕೆ ಬಾ, ಉಸಿರು ಹೋದವನ ಪಕ್ಕ ಮಲಗಿದ್ದೀಯ.

ಇದರಿಂದ ಮಾಸ್ತಿಕಲ್ಲಿನ ಲೆಕ್ಕ ತೀರುವುದಿಲ್ಲ ಎಂದೂ ಹೇಳಿಬಿಡಬೇಕು. ಕನ್ನಡನಾಡಿನ ಎಷ್ಟೋ ಮಾಸ್ತಿಕಲ್ಲುಗಳು ರಘುನಂದನನಿಗಿಂತ ಹಳೆಯವು. ಆ ಹೆಂಗಸರನ್ನು ಚಿತೆಗೆ ಕಳಿಸಲು ಯಾರಿಗೂ ಈ ಮಂತ್ರ ಬೇಕಾಗಿರಲಿಲ್ಲ. ಒತ್ತಕ್ಷರ ಕೊಂದಿತು ಅನ್ನುವುದು ಕೊಂದವರಿಗೆ ಮಾಫಿ ಕೊಟ್ಟ ಹಾಗೆ. 1829ರಲ್ಲಿ ಬೆಂಟಿಂಕ್ ಸತಿ ನಿಷೇಧಿಸಿದಾಗ ಈ ತಪ್ಪು ಇನ್ನೂ ವಿಲ್ಸನನ ಕೈಗೆ ಸಿಕ್ಕಿರಲಿಲ್ಲ ಎಂಬುದನ್ನೂ ನೆನಪಿಡಿ. ಪಾಠ ಶುದ್ಧವಾಗುವ ತನಕ ಯಾರೂ ಕಾಯಲಿಲ್ಲ.

ಕೊನೆಗೆ ಆ 'ಯೋನಿ'. ವೇದಕ್ಕೆ ಭಾಷ್ಯ ಬರೆದ ವಿಜಯನಗರ ಕಾಲದ ಸಾಯಣ ಅದಕ್ಕೆ 'ಗೃಹ' ಎನ್ನುತ್ತಾನೆ, ಎಲ್ಲರಿಗಿಂತ ಮೊದಲು ಇವರು ಮನೆಗೆ ಬರಲಿ ಎಂದು. ಇಂಗ್ಲಿಷಿಗೆ ತಂದ ಗ್ರಿಫಿತ್ "ಅವನು ಮಲಗಿರುವಲ್ಲಿಗೆ" ಎಂದ. ಒಬ್ಬನ ಅನುವಾದದಲ್ಲಿ ಹೆಂಗಸರು ಸ್ಮಶಾನದಿಂದ ದೂರ ಹೋಗುತ್ತಿದ್ದಾರೆ, ಇನ್ನೊಬ್ಬನಲ್ಲಿ ಹೆಣದ ಹತ್ತಿರ ಹೋಗುತ್ತಿದ್ದಾರೆ. ಇಬ್ಬರ ಮುಂದೆಯೂ ಇದ್ದದ್ದು ಶುದ್ಧ ಪಾಠವೇ. ಸೆಮಿನಾರಿನ ಬೋರ್ಡಿನ ಮೇಲೆ ನಾನು 'ಮನೆ' ಎಂದು ಬರೆದೆ. ಅದೇ ಹುಡುಗಿ ಕೇಳಿದಳು, "ಮನೆಯನ್ನು ಯಾರಾದರೂ ಏರ್ತಾರಾ ಸರ್?" 'ಆ ರೋಹಂತು' ಎಂದರೆ ಏರಲಿ ಎಂದು. ನಮ್ಮ ಕಡೆ ಮೆಟ್ಟಿಲು ಹತ್ತಿ ಜಗಲಿಗೆ ಬರುತ್ತಾರಲ್ಲ ಎಂದೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ. ನಾನು 'ಮನೆ'ಯ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಸ್ ಹಿಡಿಯಲು ಓಡಿದೆ.