ಗ್ರಹರೇಖೆಗಳ ಭೂಪಟ ಮತ್ತು ಸ್ಥಳಾಂತರ ಕುಂಡಲಿ: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಜ್ಯೋತಿಷಿ ಜಿಮ್ ಲೂಯಿಸ್ 1970ರ ದಶಕದಲ್ಲಿ ಬಳಕೆಗೆ ತಂದ ಆಸ್ಟ್ರೋಕಾರ್ಟೋಗ್ರಫಿ ಪದ್ಧತಿಯಲ್ಲಿ, ಒಬ್ಬ ವ್ಯಕ್ತಿ ಹುಟ್ಟಿದ ಕ್ಷಣದಲ್ಲಿ ಪ್ರತಿಯೊಂದು ಗ್ರಹವೂ ಭೂಮಿಯ ಯಾವ ಯಾವ ಊರುಗಳಲ್ಲಿ ಉದಯಿಸುತ್ತಿತ್ತು, ಎಲ್ಲಿ ನಡುಹಗಲಿನ ಸ್ಥಾನದಲ್ಲಿತ್ತು, ಎಲ್ಲಿ ಮುಳುಗುತ್ತಿತ್ತು, ಎಲ್ಲಿ ನಡುರಾತ್ರಿಯ ಸ್ಥಾನದಲ್ಲಿತ್ತು ಎಂಬುದನ್ನು ಭೂಪಟದ ಮೇಲೆ ಗೆರೆಗಳಾಗಿ ಎಳೆಯುತ್ತಾರೆ. ತಂತ್ರಾಂಶಗಳು ಇವನ್ನು ಕ್ರಮವಾಗಿ AC, MC, DC, IC ಎಂದು ಗುರುತಿಸುತ್ತವೆ. ಗೆರೆಗಳ ಗಣಿತ ಶುದ್ಧ ಖಗೋಳಶಾಸ್ತ್ರ. ಅವುಗಳಿಗೆ ಹಚ್ಚುವ ಫಲ ಮಾತ್ರ ಜ್ಯೋತಿಷದ ಮಾತು. ಕಲಿಯುವವರು ಮೊದಲು ಇವೆರಡನ್ನು ಬೇರ್ಪಡಿಸಿ ನೋಡಬೇಕು.

ಸೂರ್ಯನೊಬ್ಬನನ್ನೇ ತೆಗೆದುಕೊಳ್ಳೋಣ. ಮಾರ್ಚ್ 21ರಂದು ಬೆಳಿಗ್ಗೆ 11:37ಕ್ಕೆ ಬೆಂಗಳೂರಿನಲ್ಲಿ ಒಂದು ಮಗು ಹುಟ್ಟಿತೆಂದು ಇಟ್ಟುಕೊಳ್ಳಿ. ಆಗ ಗ್ರೀನಿಚ್ ಸಮಯ 6:07. ವಿಷುವದ ಆಸುಪಾಸಿನ ದಿನವಾದ್ದರಿಂದ ಸೂರ್ಯ ಸಮಭಾಜಕದ ಮೇಲೆಯೇ ಇರುತ್ತಾನೆ, ನಾಲ್ಕು ಗೆರೆಗಳೂ ಹೆಚ್ಚುಕಡಿಮೆ ನೇರ ರೇಖಾಂಶಗಳಾಗುತ್ತವೆ. ಆ ಕ್ಷಣದಲ್ಲಿ 90 ಡಿಗ್ರಿ ಪೂರ್ವದಲ್ಲಿ, ಅಂದರೆ ಢಾಕಾದ ಹತ್ತಿರ, ನಡುಹಗಲು, ಲಂಡನ್ನಿನಲ್ಲಿ ಸೂರ್ಯೋದಯ, ಫಿಜಿಯಲ್ಲಿ ಸೂರ್ಯಾಸ್ತ, ನ್ಯೂ ಆರ್ಲಿಯನ್ಸ್‌ನಲ್ಲಿ ನಡುರಾತ್ರಿ. ಬೇರೆ ದಿನಗಳಲ್ಲಿ, ಬೇರೆ ಗ್ರಹಗಳಿಗೆ, MC ಮತ್ತು IC ಗೆರೆಗಳು ನೇರವಾಗಿಯೇ ಉಳಿದರೂ ಉದಯ ಮತ್ತು ಅಸ್ತದ ಗೆರೆಗಳು ಬಾಗುತ್ತವೆ. ಬೇಸಿಗೆಯಲ್ಲಿ ಉತ್ತರದ ಊರುಗಳಲ್ಲಿ ಬೇಗ ಬೆಳಗಾಗುವುದಕ್ಕೆ ಇರುವ ಕಾರಣವೇ ಇದಕ್ಕೂ ಕಾರಣ.

ಸ್ಥಳಾಂತರ ಕುಂಡಲಿಯೆಂದರೆ ಅದೇ ಕ್ಷಣವನ್ನು ಹೊಸ ಊರಿನ ಅಕ್ಷಾಂಶ, ರೇಖಾಂಶಗಳಿಗೆ ಹಾಕಿ ಬರೆದ ಜಾತಕ. ಗ್ರಹಗಳು ಇರುವ ರಾಶಿ, ಅಂಶಗಳು ಬದಲಾಗುವುದಿಲ್ಲ. ಪೂರ್ವ ಕ್ಷಿತಿಜದಲ್ಲಿ ಉದಯಿಸುವ ರಾಶಿಭಾಗವಾದ ಲಗ್ನ ಮತ್ತು ಜಾತಕದ ಹನ್ನೆರಡು ಮನೆಗಳಾದ ಭಾವಗಳು ಬದಲಾಗುತ್ತವೆ. ನಮ್ಮ ಮಗುವಿಗೆ ಬೆಂಗಳೂರಿನಲ್ಲಿ ರಾಶಿಚಕ್ರವನ್ನು ವಿಷುವ ಬಿಂದುವಿನಿಂದ ಎಣಿಸುವ ಸಾಯನ ಲೆಕ್ಕದಂತೆ ಮಿಥುನ ಲಗ್ನ, ಸೂರ್ಯ ಹತ್ತನೆಯ ಭಾವದಲ್ಲಿ. ಲಂಡನ್ನಿಗೆ ಹಾಕಿದರೆ ಮೇಷ ಲಗ್ನವಾಗಿ, ಸೂರ್ಯ ಲಗ್ನದ ಮೇಲೆಯೇ ಬಂದು ಕೂರುತ್ತಾನೆ. ಈ ಪದ್ಧತಿಯವರು ಇದನ್ನು, ಆ ಊರಿನಲ್ಲಿ ವ್ಯಕ್ತಿಯ ಆತ್ಮವಿಶ್ವಾಸ ಬೆಳೆದು ಅವನು ನಾಲ್ಕು ಜನರ ಕಣ್ಣಿಗೆ ಬೀಳುತ್ತಾನೆ ಎಂದು ಓದುತ್ತಾರೆ. ಅದೇ ರೀತಿ ಶುಕ್ರನ ಅಸ್ತರೇಖೆಗೆ ದಾಂಪತ್ಯ, ಶನಿಯ MC ರೇಖೆಗೆ ಉದ್ಯೋಗದಲ್ಲಿ ಹೊರೆ ಮತ್ತು ವಿಳಂಬ, ಕುಜನ ಉದಯರೇಖೆಗೆ ಹುರುಪಿನ ಜೊತೆಗೆ ಜಗಳ ಎಂಬ ಫಲಗಳನ್ನು ಹೇಳುತ್ತಾರೆ. ಇವು ನಿಯಂತ್ರಿತ ಪರೀಕ್ಷೆಯಲ್ಲಿ ಸಾಬೀತಾದ ಸಂಗತಿಗಳಲ್ಲ, ಪರಂಪರೆಯ ಕಾರಕತ್ವಗಳನ್ನು ಭೂಪಟಕ್ಕೆ ವಿಸ್ತರಿಸಿದ ಮಾತುಗಳು.

ನಮ್ಮಲ್ಲಿ, ರಾಶಿಚಕ್ರವನ್ನು ನಕ್ಷತ್ರಗಳ ಆಧಾರದಲ್ಲಿ ಎಣಿಸುವ ನಿರಯನ ಪದ್ಧತಿ ಕಲಿತವರು ಸಾಮಾನ್ಯವಾಗಿ, ಎರಡು ಎಣಿಕೆಗಳ ನಡುವಿನ ಅಂತರವಾದ ಅಯನಾಂಶ ಕಳೆದರೆ ಗೆರೆಗಳೂ ಸರಿಯುತ್ತವೆಯೇ ಎಂದು ಕೇಳುತ್ತಾರೆ. ಸರಿಯುವುದಿಲ್ಲ. ಗ್ರಹ ಕ್ಷಿತಿಜದಲ್ಲಿದೆಯೋ ಇಲ್ಲವೋ ಎಂಬುದಕ್ಕೂ ರಾಶಿಚಕ್ರವನ್ನು ಎಲ್ಲಿಂದ ಎಣಿಸುತ್ತೇವೆ ಎಂಬುದಕ್ಕೂ ಸಂಬಂಧವಿಲ್ಲ. ಲಂಡನ್ನಿನ ಲಗ್ನ ಮೇಷದ ಬದಲು ಮೀನವಾಗುತ್ತದೆ, ಸೂರ್ಯ ಮಾತ್ರ ಲಗ್ನದಲ್ಲೇ ಇರುತ್ತಾನೆ.

ಗೆರೆಗಳು ಹುಟ್ಟಿದ ಕ್ಷಣವನ್ನು ಮಾತ್ರ ಅವಲಂಬಿಸಿವೆ, ಹುಟ್ಟಿದ ಊರನ್ನಲ್ಲ. ಜಗತ್ತಿನಲ್ಲಿ ಒಂದು ನಿಮಿಷಕ್ಕೆ ಸುಮಾರು 250 ಮಕ್ಕಳು ಹುಟ್ಟುತ್ತಾರೆ. ಆ ಮಗುವಿನ ಜೊತೆಗೆ ಅದೇ ನಿಮಿಷದಲ್ಲಿ ಲೀಮಾದಲ್ಲೋ ಲಾಗೋಸ್‌ನಲ್ಲೋ ಹುಟ್ಟಿದವರೆಲ್ಲರ ಭೂಪಟವೂ ಒಂದೇ, ಅವರೆಲ್ಲರಿಗೂ ಸೂರ್ಯನ ಉದಯರೇಖೆ ಲಂಡನ್ನಿನ ಮೇಲೆಯೇ ಹಾದುಹೋಗುತ್ತದೆ. ಲಂಡನ್ ಅವರೆಲ್ಲರಿಗೂ ಒಂದೇ ಬಗೆಯಲ್ಲಿ ಒದಗಿಬರಬೇಕು ಎನ್ನುವುದನ್ನು ಒಪ್ಪುವುದು ನನಗಂತೂ ಕಷ್ಟ.

ಜನ್ಮಸಮಯದ ತಪ್ಪು ಇಲ್ಲಿ ನೇರವಾಗಿ ದೂರವಾಗಿ ಪರಿಣಮಿಸುತ್ತದೆ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಮನೆಯವರು 11:37ರ ಬದಲು ‘ಹನ್ನೊಂದೂಮುಕ್ಕಾಲು ದಾಟಿತ್ತು’ ಎಂದು ನೆನಪಿನಿಂದ 11:52 ಬರೆಸಿದ್ದರೆ, 15 ನಿಮಿಷಕ್ಕೆ ಗೆರೆ 3.75 ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತದೆ. ಲಂಡನ್ನಿನ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ ಸುಮಾರು 69 ಕಿ.ಮೀ. ಆದ್ದರಿಂದ ಅದು ಸುಮಾರು 260 ಕಿ.ಮೀ. ಆಚೆ, ಕಾರ್ಡಿಫ್ ನಗರವನ್ನೂ ದಾಟಿ ಹೋಗುತ್ತದೆ. ಇದನ್ನು ಸರಿದೂಗಿಸಲು ಗೆರೆಯ ಎರಡೂ ಬದಿಗೆ ನೂರಾರು ಕಿ.ಮೀ. ಪ್ರಭಾವವಿದೆ ಎನ್ನುವವರಿದ್ದಾರೆ. ಆದರೆ ಸೂರ್ಯ, ಚಂದ್ರರೂ ಸೇರಿ ಹತ್ತು ಗ್ರಹಗಳಿಗೆ 40 ಗೆರೆಗಳು, ಸಮಭಾಜಕದ 360 ಡಿಗ್ರಿಯಲ್ಲಿ ಸರಾಸರಿ ಒಂಬತ್ತು ಡಿಗ್ರಿಗೆ, ಅಂದರೆ ಸುಮಾರು 1,000 ಕಿ.ಮೀ.ಗೆ ಒಂದು. ಬದಿಗೆ 500 ಕಿ.ಮೀ. ಕೊಟ್ಟರೆ ಹೆಚ್ಚಿನ ಊರುಗಳು ಒಂದಲ್ಲ ಒಂದು ಗೆರೆಯ ವ್ಯಾಪ್ತಿಗೆ ಬಂದೇ ಬರುತ್ತವೆ, ಹೋದ ಊರಿನಲ್ಲಿ ಏನೇ ನಡೆದರೂ ಅದಕ್ಕೊಂದು ಗೆರೆ ಸಿಗುತ್ತದೆ.

ಇನ್ನೊಂದು ತೊಡಕು ಭೂಪಟಕ್ಕೂ ಕುಂಡಲಿಗೂ ತಾಳೆಯಾಗದಿರುವುದು. ಭೂಪಟದ ಗೆರೆ ಗ್ರಹ ನಿಜವಾಗಿ ಕ್ಷಿತಿಜಕ್ಕೆ ಬರುವುದನ್ನು ತೋರಿಸುತ್ತದೆ; ಕುಂಡಲಿ ಆಕಾಶದಲ್ಲಿ ಸೂರ್ಯ ಸಾಗುವ ದಾರಿಯಾದ ಕ್ರಾಂತಿವೃತ್ತದ ಮೇಲಿನ ಅಂಶವನ್ನಷ್ಟೇ ಗಣಿಸುತ್ತದೆ. ಸೂರ್ಯನಿಗೆ ಎರಡೂ ಒಂದೇ. ಪ್ಲೂಟೋದ ಕಕ್ಷೆ ಮಾತ್ರ ಸುಮಾರು 17 ಡಿಗ್ರಿ ಓರೆಯಾಗಿದ್ದು, 1980ರ ಆಸುಪಾಸಿನಲ್ಲಿ ಅದು ಕ್ರಾಂತಿವೃತ್ತದಿಂದ ಅತಿ ಹೆಚ್ಚು ಉತ್ತರಕ್ಕಿತ್ತು. ಆಗ ಹುಟ್ಟಿದವರಿಗೆ ಭೂಪಟದಲ್ಲಿ ಪ್ಲೂಟೋ ರೇಖೆ ಒಂದು ಊರಿನ ಮೇಲೆಯೇ ಇದ್ದರೂ, ಆ ಊರಿಗೆ ಹಾಕಿದ ಕುಂಡಲಿಯಲ್ಲಿ ಅದು ಲಗ್ನದಿಂದ ಹಲವು ಡಿಗ್ರಿ ದೂರ ಕಾಣಿಸಬಹುದು. ಆಗ ತಂತ್ರಾಂಶ ಕೆಟ್ಟಿದೆ ಎಂದುಕೊಳ್ಳುವ ಮೊದಲು, ಅದರ ಆಯ್ಕೆಗಳಲ್ಲಿ ಗೆರೆಗಳನ್ನು ಯಾವ ಲೆಕ್ಕದಿಂದ ಎಳೆಯಲಾಗಿದೆ ಎಂಬುದನ್ನು ನೋಡಿಕೊಳ್ಳಬೇಕು.